ಮನೆಯ ಗ್ರೂಪಿಗೆ ಬಂದ ನೋಯಿಸುವ ಮೀಮ್: ಹಿರಿಯರಿಗೆ ಉತ್ತರಿಸುವ ಬಗೆ

ಮನೆಮಂದಿಯೆಲ್ಲ ಇರುವ ವಾಟ್ಸ್ಆ್ಯಪ್ ಗ್ರೂಪಿಗೆ ಬರುವ ಮೀಮ್‌ಗಳಲ್ಲಿ ಒಂದು ಸಮುದಾಯವನ್ನೇ ಗೇಲಿ ಮಾಡುವಂಥವೂ ಇರುತ್ತವೆ. ಕಳಿಸಿದವರು ದೊಡ್ಡಪ್ಪನೋ ಸೋದರಮಾವನೋ ಆಗಿದ್ದರೆ ನೊಂದವರಿಗೆ ಎರಡೇ ದಾರಿ ಕಾಣುತ್ತವೆ: ಸುಮ್ಮನಿದ್ದುಬಿಡುವುದು, ಇಲ್ಲವೇ ಎಲ್ಲರ ಎದುರು ಖಂಡಿಸುವುದು. ಸುಮ್ಮನಿದ್ದರೆ ಆ ಮೀಮಿಗೆ ಮನೆಯವರೆಲ್ಲರ ಒಪ್ಪಿಗೆ ಸಿಕ್ಕಂತಾಗುತ್ತದೆ. ಖಂಡಿಸಿದರೆ ಮಾತು ಮೀಮನ್ನು ಬಿಟ್ಟು ಹಿರಿಯರ ಮರ್ಯಾದೆಯ ಕಡೆಗೆ ಹೊರಳುತ್ತದೆ. ಮೂರನೆಯ ದಾರಿಯೊಂದಿದೆ: ಕಳಿಸಿದವರಿಗೆ ಮಾತ್ರ ಬರೆದು, ತನಗೆ ನೋವಾಯಿತೆಂದು ಹೇಳಿ, ಮೀಮನ್ನು ಅವರೇ ತೆಗೆಯಲು ಅವಕಾಶ ಮಾಡಿಕೊಡುವುದು.

ಕನ್ನಡದ ಗ್ರೂಪುಗಳಲ್ಲಿ ಸುತ್ತುವ ಒಂದು ಬಗೆಯ ಮೀಮನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆಪರೇಷನ್ ಟೇಬಲ್ಲಿನ ಮೇಲೆ ಹೆದರಿ ಮಲಗಿದ ರೋಗಿ, ಕತ್ತರಿಯನ್ನು ತಲೆಕೆಳಗಾಗಿ ಹಿಡಿದು ನಿಂತ ಡಾಕ್ಟರು, ಕೆಳಗೆ ‘ಮೀಸಲಾತಿಯಲ್ಲಿ ಸೀಟು ಸಿಕ್ಕ ಡಾಕ್ಟರ್’ ಎಂಬ ಸಾಲು. ಕೆಲಸದಿಂದ ನಿವೃತ್ತರಾದ ದೊಡ್ಡಪ್ಪನೊಬ್ಬರು ಬೆಳಿಗ್ಗೆ ಎದ್ದವರೇ ಇದನ್ನು ಗ್ರೂಪಿಗೆ ಹಾಕುತ್ತಾರೆ. ಅದೇ ಗ್ರೂಪಿನಲ್ಲಿ ಅವರ ತಮ್ಮನ ಸೊಸೆ ಇದ್ದಾಳೆ. ಆಕೆ ಪರಿಶಿಷ್ಟ ಜಾತಿಯ ಮನೆಯ ಹುಡುಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮೀಮ್ ಕಂಡು ನೊಂದು, ಉತ್ತರಿಸಬೇಕೆಂದು ಯೋಚಿಸುತ್ತಿರುವವಳು ಅವಳ ನಾದಿನಿ, ಅಂದರೆ ದೊಡ್ಡಪ್ಪನ ತಮ್ಮನ ಮಗಳು.

ನೋವು ಎಲ್ಲಿದೆ

ಇಂಥದ್ದನ್ನು ವಿಡಂಬನೆ ಎಂದು ಕರೆಯುವುದುಂಟು. ಆದರೆ ವಿಡಂಬನೆ ಚುಚ್ಚುವುದು ಒಬ್ಬರು ಮಾಡಿದ ಕೆಲಸವನ್ನು, ನಡೆಸಿದ ಅಧಿಕಾರವನ್ನು. ಈ ಚಿತ್ರದ ಡಾಕ್ಟರು ತಪ್ಪು ಮಾಡುವುದು ಅವನ ಹುಟ್ಟಿನ ಕಾರಣಕ್ಕೆ. ಮೀಸಲಾತಿ ಬೇಕೇ, ಎಷ್ಟು ಬೇಕು, ಯಾರಿಗೆ ಬೇಕು ಎಂಬ ಚರ್ಚೆ ಬೇರೆ; ಒಂದು ಜಾತಿಯಲ್ಲಿ ಹುಟ್ಟಿದವರ ಕೈಯಲ್ಲಿ ರೋಗಿ ಉಳಿಯುವುದಿಲ್ಲ ಎಂದು ನಗುವುದು ಬೇರೆ. ಉತ್ತರ ಬರೆಯುವವರು ಮೊದಲು ತಮ್ಮ ಮನಸ್ಸಿನಲ್ಲೇ ಈ ಎರಡನ್ನು ಬಿಡಿಸಿಟ್ಟುಕೊಳ್ಳಬೇಕು. ಇಲ್ಲವಾದರೆ ಸಂಭಾಷಣೆ ಎರಡನೇ ಮಾತಿಗೇ ಮೀಸಲಾತಿಯ ವಾದಕ್ಕೆ ಇಳಿದು, ನೋವಿನ ವಿಷಯ ಹಿಂದೆ ಸರಿಯುತ್ತದೆ.

ಮೀಮಿನ ಒಳಗಿರುವ ಮಾತೂ ನಿಜವಲ್ಲ. ಮೀಸಲಾತಿ ಕೆಲಸ ಮಾಡುವುದು ಸೀಟು ಹಂಚುವಾಗ. ಒಳಗೆ ಹೋದ ಮೇಲೆ ಎಂಬಿಬಿಎಸ್ ವಿದ್ಯಾರ್ಥಿಗಳಿಗೆಲ್ಲ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಒಂದೇ, ಪಾಸಾಗಲು ಬೇಕಾದ ಅಂಕವೂ ಒಂದೇ. ಆದರೂ ಅನುಮಾನ ಆ ವಿದ್ಯಾರ್ಥಿಗಳ ಬೆನ್ನು ಬಿಡುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂದು ತಿಳಿಯಲು ಕೇಂದ್ರ ಸರ್ಕಾರ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅವರ ಸಮಿತಿಯನ್ನು ನೇಮಿಸಿತ್ತು. 2007ರಲ್ಲಿ ಬಂದ ಅದರ ವರದಿ ತರಗತಿಯಲ್ಲೂ ಹಾಸ್ಟೆಲಿನಲ್ಲೂ ಆ ಮಕ್ಕಳು ಎದುರಿಸುತ್ತಿದ್ದ ತಾರತಮ್ಯವನ್ನು ದಾಖಲಿಸಿತು. ಕಾಲೇಜಿನಲ್ಲಿ ಅಂಥದ್ದನ್ನು ಉಂಡು ಬಂದ ಡಾಕ್ಟರು ಗಂಡನ ಮನೆಯ ಗ್ರೂಪಿನಲ್ಲೂ ಅದೇ ನಗುವನ್ನು ಕಾಣುತ್ತಾಳೆ. ಕಳಿಸಿದವರಿಗೆ ಅದು ಅರೆಕ್ಷಣದ ತಮಾಷೆ. ಅವಳಿಗೆ ವರ್ಷಗಳಿಂದ ಕೇಳುತ್ತ ಬಂದ ಮಾತು.

ತಮಾಷೆಯ ವೇಷ ಮಾತಿನ ವಿಷವನ್ನು ಕಡಿಮೆ ಮಾಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಆಧಾರ. ಹೆಂಗಸರ ಬಗ್ಗೆ ಮೊದಲೇ ತಾತ್ಸಾರವಿದ್ದ ಗಂಡಸರು, ಹೆಂಗಸರನ್ನು ಹೀಗಳೆಯುವ ಜೋಕುಗಳನ್ನು ಓದಿದ ಮೇಲೆ ಮಹಿಳಾ ಸಂಘಟನೆಯೊಂದಕ್ಕೆ ಕಡಿಮೆ ಹಣ ಕೊಡಲು ಮುಂದಾದರು. ಹೀಗಳಿಕೆಯನ್ನು ಜೋಕಿಲ್ಲದೆ ನೇರವಾಗಿ ಓದಿದವರಲ್ಲಿ ಈ ಪರಿಣಾಮ ಕಾಣಲಿಲ್ಲ. ಮನಸ್ಸಿನಲ್ಲಿದ್ದ ತಾತ್ಸಾರ ಹೊರಗೆ ಬರಲು ಜೋಕು ಪರವಾನಗಿ ಕೊಟ್ಟಂತಾಯಿತು. ಆದ್ದರಿಂದ ಮೀಮನ್ನು ಕಂಡೂ ಕಾಣದಂತೆ ಬಿಡುವುದು ಸರಿಯಲ್ಲ. ಏನಾದರೂ ಹೇಳಲೇಬೇಕು, ಎಲ್ಲಿ, ಹೇಗೆ ಎಂಬುದಷ್ಟೇ ಪ್ರಶ್ನೆ.

ಎಲ್ಲರೆದುರು ಹೇಳಿದರೆ ಏನಾಗುತ್ತದೆ

ಗ್ರೂಪಿನಲ್ಲೇ ‘ಇದು ಜಾತಿ ನಿಂದನೆ, ನಾಚಿಕೆಯಾಗಬೇಕು’ ಎಂದು ಬರೆದರೆ ಅದನ್ನು ಓದುವುದು ದೊಡ್ಡಪ್ಪ ಒಬ್ಬರೇ ಅಲ್ಲ. ಅವರ ಮಕ್ಕಳು, ಅಳಿಯಂದಿರು, ಬೀಗರೂ ಓದುತ್ತಾರೆ. ಅಷ್ಟು ಜನರ ಎದುರು ಕಿರಿಯಳೊಬ್ಬಳಿಂದ ತಿದ್ದಿಸಿಕೊಂಡ ಹಿರಿಯರಿಗೆ ಹಿಂದೆ ಸರಿಯುವುದು ಸೋಲಿನಂತೆ ಕಾಣುತ್ತದೆ. ಅವರು ಮೀಮನ್ನು ಸಮರ್ಥಿಸಿಕೊಳ್ಳುತ್ತಾರೆ, ಇಲ್ಲವೇ ಗ್ರೂಪ್ ಬಿಡುತ್ತಾರೆ. ಉಳಿದವರು ಪಕ್ಷ ವಹಿಸುತ್ತಾರೆ. ಯಾರನ್ನು ನೋವಿನಿಂದ ಕಾಪಾಡಬೇಕಿತ್ತೋ ಆ ಸೊಸೆ ಇಡೀ ಜಗಳವನ್ನು ಕೂತು ಓದಬೇಕಾಗುತ್ತದೆ. ಕೋಪದ ಇಮೋಜಿ ಒತ್ತುವುದು, ಸುದ್ದಿಯ ಕೊಂಡಿ ಹಾಕಿ ‘ಓದಿ ನೋಡಿ’ ಎನ್ನುವುದೂ ಇದೇ ಸಾಲಿಗೆ ಸೇರುತ್ತವೆ.

ಮೆತ್ತಗೆ ಹೇಳಿದರೆ ನಾಟುವುದಿಲ್ಲ ಎಂಬ ಅಳುಕು ಸಹಜ. ಅಲೆಗ್ಸಾಂಡರ್ ಚಾಪ್, ಮಾರ್ಗೊ ಮಾಂಟೀತ್ ಮತ್ತು ಆಮಿ ಮಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕರಿಯರ ಬಗ್ಗೆ ಪೂರ್ವಗ್ರಹದ ಮಾತಾಡಿದವರಿಗೆ ಅದನ್ನು ಎತ್ತಿ ತೋರಿಸಿದಾಗ, ಮುಂದೆ ಅಂಥ ಮಾತು ಕಡಿಮೆಯಾಯಿತು. ಬಿರುಸಾಗಿ ಹೇಳಿದರೂ ಮೃದುವಾಗಿ ಹೇಳಿದರೂ ಆ ಬದಲಾವಣೆ ಬಂತು. ಬಿರುಸಿನ ಮಾತಿಗೆ ಸಿಕ್ಕ ಹೆಚ್ಚಿನ ಫಲವೆಂದರೆ ಹೇಳಿದವರ ಮೇಲಿನ ಸಿಟ್ಟು.

ಒಬ್ಬರಿಗೇ ಬರೆಯುವ ಉತ್ತರ

ಗ್ರೂಪಿನಲ್ಲಿ ಮೀಮನ್ನು ಒತ್ತಿ ಹಿಡಿದರೆ ಬರುವ ಆಯ್ಕೆಗಳಲ್ಲಿ Reply privately ಎಂಬುದಿದೆ. ಅದನ್ನು ಒತ್ತಿದರೆ ಕಳಿಸಿದವರ ಜೊತೆಗಿನ ಖಾಸಗಿ ಚಾಟ್ ತೆರೆದುಕೊಳ್ಳುತ್ತದೆ, ಮೀಮೂ ಮೇಲೆ ಕಾಣುತ್ತದೆ. ಯಾವುದರ ಬಗ್ಗೆ ಮಾತು ಎಂದು ವಿವರಿಸುವ ಕೆಲಸ ತಪ್ಪುತ್ತದೆ. ಕಳಿಸಿದವರು Delete for everyone ಒತ್ತಿ ಮೀಮನ್ನು ತೆಗೆಯಲು ಸುಮಾರು ಎರಡು ದಿನವಷ್ಟೇ ಅವಕಾಶ. ಹಾಗಾಗಿ ಸಿಟ್ಟು ಇಳಿಯಲು ಒಂದೆರಡು ಗಂಟೆ ಬಿಟ್ಟು, ಅದೇ ದಿನ ಬರೆಯುವುದು ಒಳ್ಳೆಯದು. ನಾದಿನಿಯ ಸಂದೇಶ ಹೀಗಿರಬಹುದು:

“ದೊಡ್ಡಪ್ಪ, ತಿಂಡಿ ಆಯ್ತಾ? ಬೆಳಿಗ್ಗೆ ಹಾಕಿದ್ರಲ್ಲ ಆ ಡಾಕ್ಟರ್ ಮೀಮ್, ಅದನ್ನ ನೋಡಿ ನಂಗೆ ತುಂಬಾ ಬೇಜಾರಾಯ್ತು. ಎಷ್ಟೇ ಚೆನ್ನಾಗಿ ಓದಿದ್ರೂ ಇದೇ ಮಾತು ಕೇಳಿಸಿಕೊಂಡ ಗೆಳತಿಯರು ನಂಗಿದ್ದಾರೆ. ನೀವು ಯಾರನ್ನೂ ನೋಯಿಸೋಕೆ ಹಾಕಿಲ್ಲ ಅಂತ ಗೊತ್ತು. ಆದ್ರೆ ಅದನ್ನ ಗ್ರೂಪಿಂದ ತೆಗೆದುಬಿಡ್ತೀರಾ?”

ಈ ಸಂದೇಶದಲ್ಲಿ ‘ನೀವು ಹೀಗೆ’ ಎಂಬ ತೀರ್ಪಿಲ್ಲ; ‘ನಂಗೆ ಬೇಜಾರಾಯ್ತು’ ಎಂಬ ಮಾತಿದೆ. ತೀರ್ಪನ್ನು ಅಲ್ಲಗಳೆಯಬಹುದು, ಇನ್ನೊಬ್ಬರ ಬೇಜಾರನ್ನು ಅಲ್ಲಗಳೆಯುವುದು ಕಷ್ಟ. ‘ನೋಯಿಸೋಕೆ ಹಾಕಿಲ್ಲ ಅಂತ ಗೊತ್ತು’ ಎಂಬ ಸಾಲು ನಿಜವಾಗಿದ್ದರೆ ಮಾತ್ರ ಇರಬೇಕು. ನಂಬಿಕೆಯಿಲ್ಲದೆ ಬರೆದರೆ ಅದು ಚುಚ್ಚುಮಾತಾಗಿ ಕೇಳಿಸುತ್ತದೆ. ಕೊನೆಗೆ ಕೋರಿಕೆ ಒಂದೇ ಇದೆ. ಕ್ಷಮೆ ಕೇಳಿ ಎಂದಿಲ್ಲ, ಅಭಿಪ್ರಾಯ ಬದಲಿಸಿಕೊಳ್ಳಿ ಎಂದೂ ಇಲ್ಲ.

ಸಂದೇಶದಲ್ಲಿ ಅತ್ತಿಗೆಯ ಹೆಸರು ಬಂದಿಲ್ಲ ಎಂಬುದನ್ನೂ ಗಮನಿಸಬೇಕು. ‘ಅತ್ತಿಗೆಗೆ ಬೇಜಾರಾಗುತ್ತೆ’ ಎಂದು ಬರೆದರೆ ಮಾತು ಅವಳ ಮೇಲೆ ತಿರುಗುತ್ತದೆ. ದೊಡ್ಡಪ್ಪ ನೇರ ಅವಳಿಗೇ ಫೋನ್ ಮಾಡಿ ‘ನಿಂಗೆ ಬೇಜಾರಾಯ್ತೇನಮ್ಮ’ ಎಂದು ಕೇಳಿದರೆ, ಗಂಡನ ಮನೆಯಲ್ಲಿ ಅವಳು ‘ಇಲ್ಲ’ ಎನ್ನದೆ ಬೇರೆ ದಾರಿಯಿಲ್ಲ. ಅವಳ ಒಪ್ಪಿಗೆಯಿಲ್ಲದೆ ಅವಳ ಪರವಾಗಿ ಮಾತಾಡಬಾರದು.

ಬರೆಯುವುದು ಓದುವುದು ರೂಢಿಯಿಲ್ಲದ ಹಿರಿಯರಾದರೆ ಫೋನ್ ಮಾಡುವುದು ಮೇಲು. ವಾಯ್ಸ್ ಮೆಸೇಜನ್ನು ಅವರು ಹಜಾರದಲ್ಲಿ ಎಲ್ಲರ ನಡುವೆ ಕೇಳಿಸಿಕೊಂಡರೆ, ಖಾಸಗಿಯಾಗಿ ಹೇಳಬೇಕೆಂದುಕೊಂಡದ್ದು ಬಹಿರಂಗವಾಗುತ್ತದೆ.

ಮರುಮಾತು ಬಂದಾಗ

ಹೆಚ್ಚಾಗಿ ಬರುವ ಮರುಮಾತುಗಳು ಮೂರು. ‘ತಮಾಷೆಗೆ ಹಾಕಿದ್ದು ಕಣಮ್ಮ’ ಎಂದರೆ, “ತಮಾಷೆಗೇ ಅಂತ ಗೊತ್ತು ದೊಡ್ಡಪ್ಪ, ಆದ್ರೂ ನೋವಾಯ್ತು” ಎಂದಷ್ಟು ಸಾಕು. ‘ನಾನು ಮಾಡಿದ್ದಲ್ಲ, ಯಾರೋ ಕಳಿಸಿದ್ದು’ ಎಂದರೆ ಅದು ಅವರು ತಾವೇ ಹುಡುಕಿಕೊಂಡ ಹಿಂದೆ ಸರಿಯುವ ದಾರಿ. ಅದನ್ನು ಮುಚ್ಚದೆ, “ಹೌದು, ಯಾರೋ ಮಾಡಿದ್ದು ನಮ್ಮನೆ ಗ್ರೂಪಲ್ಲಿ ಯಾಕಿರ್ಬೇಕು ಅಲ್ವಾ?” ಎನ್ನಬಹುದು. ಮೂರನೆಯದು ಸ್ವಲ್ಪ ಕಠಿಣ: ‘ಹಾಗಾದ್ರೆ ಮೀಸಲಾತಿ ಸರಿ ಅಂತೀಯಾ?’ ಅದಕ್ಕೆ, “ಅದನ್ನ ಒಂದಿನ ಮನೆಗೆ ಬಂದಾಗ ಕೂತು ಮಾತಾಡೋಣ. ಈಗ ನಾನು ಹೇಳ್ತಿರೋದು ಆ ಚಿತ್ರದ ವಿಷಯ ಮಾತ್ರ” ಎಂದು ಎರಡನ್ನೂ ಬೇರೆಬೇರೆ ಇಡಬೇಕು. ಇಷ್ಟಾದ ಮೇಲೆ ಎಳೆಯಬಾರದು. ಆ ಕ್ಷಣದಲ್ಲಿ ಒಪ್ಪದ ಹಿರಿಯರು ಸಂಜೆ ಸದ್ದಿಲ್ಲದೆ ಅಳಿಸುವುದುಂಟು. ಅಳಿಸಿದರೆ ಗ್ರೂಪಿನಲ್ಲಿ ಧನ್ಯವಾದ ಹೇಳಲೂ ಕೂಡದು. ಹೇಳಿದರೆ ಅಳಿಸಿದ್ದು ಯಾಕೆಂದು ಎಲ್ಲರೂ ಕೇಳುತ್ತಾರೆ.

ಇತ್ತ ಅತ್ತಿಗೆಯ ಕಡೆಗೂ ಒಂದು ಕೆಲಸವಿದೆ. ಖಾಸಗಿಯಾಗಿ ಹೇಳಿದ್ದು ಅವಳಿಗೆ ಕಾಣುವುದಿಲ್ಲ, ಅವಳಿಗೆ ಕಾಣುವುದು ಗ್ರೂಪಿನ ಮೌನ ಮಾತ್ರ. “ಆ ಮೀಮ್ ನೋಡಿ ನಂಗೂ ಕಷ್ಟ ಆಯ್ತು ಅತ್ತಿಗೆ. ನಿಮ್ಮ ಹೆಸರು ಎತ್ತದೆ ದೊಡ್ಡಪ್ಪನಿಗೆ ಹೇಳಿದೀನಿ” ಎಂಬ ಸಂದೇಶ ಅವಳಿಗೆ ಹೋಗಬೇಕು. ಅವಳು ಉತ್ತರಿಸಲೇಬೇಕೆಂಬ ನಿರೀಕ್ಷೆ ಇರಬಾರದು.

ಖಾಸಗಿ ಮಾತು ಸಾಲದಿದ್ದಾಗ

ಎರಡು ಸಲ ಹೇಳಿದರೂ ಅಂಥದ್ದೇ ಮೀಮ್ ಮತ್ತೆ ಬಂದರೆ ಗ್ರೂಪಿನಲ್ಲಿ ಮಾತಾಡಬೇಕಾಗುತ್ತದೆ. ಆಗಲೂ ಮೀಮಿಗೆ ಜೋಡಿಸಿ ಉತ್ತರಿಸದೆ, ಯಾರ ಹೆಸರನ್ನೂ ಹಿಡಿಯದೆ, “ಜಾತಿ ಮೇಲಿನ ಜೋಕು ನೋಡಿದ್ರೆ ನಂಗೆ ನೋವಾಗುತ್ತೆ, ನಮ್ಮ ಗ್ರೂಪಲ್ಲಿ ಅವು ಬೇಡ ಅಂತ ನನ್ನ ಕೋರಿಕೆ” ಎಂದು ಒಮ್ಮೆ ಬರೆದು ನಿಲ್ಲಿಸಬೇಕು. ಹೀಗೆ ಬರೆಯುವೆನೆಂದು ದೊಡ್ಡಪ್ಪನಿಗೆ ಮೊದಲೇ ತಿಳಿಸಿದರೆ ಅವರು ಎಲ್ಲರ ನಡುವೆ ತಬ್ಬಿಬ್ಬಾಗುವುದು ತಪ್ಪುತ್ತದೆ. ಗ್ರೂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಲ್ಲರು. ಆದರೆ ಅಡ್ಮಿನ್ ಅಳಿಸಿದ್ದು ಎಂಬ ಗುರುತು ಅಲ್ಲೇ ಉಳಿಯುವುದರಿಂದ ಅದು ಕೊನೆಯ ಉಪಾಯವಾಗಿರಬೇಕು.

ಗೇಲಿಯನ್ನು ದಾಟಿ ಬೆದರಿಕೆ ಅಥವಾ ವದಂತಿಯಾದ ಸಂದೇಶಗಳಿಗೆ ಈ ಕ್ರಮ ಹೊಂದುವುದಿಲ್ಲ. 2012ರ ಆಗಸ್ಟ್‌ನಲ್ಲಿ ದಾಳಿಯಾಗಲಿದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೋದರು. ಅಂಥ ಸಂದೇಶವನ್ನು ಓದಿದವರು ಅದನ್ನು ನಂಬಿ ಏನಾದರೂ ಮಾಡಿಬಿಡಬಹುದು, ಆದ್ದರಿಂದ ಅದು ಬಂದ ಜಾಗದಲ್ಲೇ, ತಡಮಾಡದೆ, ಸುಳ್ಳೆಂದು ಹೇಳಬೇಕು. ಅಲ್ಲಿಯೂ ‘ಈ ಸುದ್ದಿ ಸುಳ್ಳು’ ಎಂದರೆ ಸಾಕು, ‘ನೀವು ಸುಳ್ಳು ಹಬ್ಬಿಸುತ್ತಿದ್ದೀರಿ’ ಎನ್ನಬೇಕಾಗಿಲ್ಲ.

ಇಂಥ ಉತ್ತರದಿಂದ ದೊಡ್ಡಪ್ಪನ ವಿಚಾರ ಒಂದೇ ದಿನಕ್ಕೆ ಬದಲಾಗುವುದಿಲ್ಲ. ಮೀಮ್ ಅಳಿಸಿಹೋಯಿತೇ, ಮುಂದಿನ ಸಲ ಫಾರ್ವರ್ಡ್ ಒತ್ತುವ ಮೊದಲು ಅವರು ತಡೆದರೇ, ಅತ್ತಿಗೆ ಆ ಗ್ರೂಪಿನಲ್ಲಿ ಅಳುಕಿಲ್ಲದೆ ಉಳಿದಳೇ ಎಂಬುದರಿಂದ ಅದು ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯಬೇಕು.