ಪೊರೆ ಬಲಿಯುವವರೆಗೆ ಕಾಯಬೇಕೆ?

ಅರವತ್ತೈದು ದಾಟಿದ ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದತೊಡಗಿದರೆ ಮನೆಮಂದಿಗೆಲ್ಲ ಖುಷಿ. ಇಪ್ಪತ್ತು ವರ್ಷದಿಂದ ಚಾಳೀಸು ಇಲ್ಲದೆ ಅಕ್ಕಿಯಲ್ಲಿ ಕಲ್ಲು ಆರಿಸಲಾಗದವರು ಈಗ ಸೂಜಿಗೆ ದಾರವನ್ನೂ ಪೋಣಿಸುತ್ತಾರೆ. ಆದರೆ ಕಣ್ಣಿನ ವೈದ್ಯರು ಈ ಸುದ್ದಿ ಕೇಳಿದರೆ ಮೊದಲು ಪೊರೆಗಾಗಿ ಹುಡುಕುತ್ತಾರೆ. ಅಜ್ಜಿಯನ್ನೇ ಸ್ವಲ್ಪ ವಿಚಾರಿಸಿದರೆ ಇನ್ನೊಂದು ಮುಖ ತಿಳಿಯುತ್ತದೆ: ಬೀದಿಯ ಆಚೆ ಬದಿಯಲ್ಲಿ ನಿಂತವರ ಗುರುತು ಸಿಗುವುದಿಲ್ಲ, ಬಸ್ಸಿನ ಬೋರ್ಡು ತೀರಾ ಹತ್ತಿರ ಬಂದ ಮೇಲೆಯೇ ಕಾಣುವುದು, ನೀಲಿ ಸೀರೆಗೂ ಕಪ್ಪು ಸೀರೆಗೂ ವ್ಯತ್ಯಾಸ ತಿಳಿಯದು.

ಕಣ್ಣುಪಾಪೆಯ ಹಿಂದೆ ಎರಡೂ ಕಡೆ ಉಬ್ಬಿದ ಒಂದು ಮಸೂರವಿದೆ. ಅಗಲ ಸುಮಾರು 9 ಮಿಲಿಮೀಟರ್, ದಪ್ಪ ನಾಲ್ಕೂವರೆ. ಕಣ್ಣಿನೊಳಗೆ ಬರುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲನ್ನು ಮುಂದಿನ ಕಾರ್ನಿಯಾ ಮಾಡುತ್ತದೆ, ಉಳಿದದ್ದನ್ನು ಈ ಮಸೂರ ಮಾಡುತ್ತದೆ. ವಯಸ್ಸಾದಂತೆ ಅದರ ನಡುಭಾಗ ಬಿಗಿದು ಗಟ್ಟಿಯಾದರೆ ಬೆಳಕು ಮೊದಲಿಗಿಂತ ಹೆಚ್ಚು ಬಾಗುತ್ತದೆ. ಆಗ ಕಣ್ಣು ಮೈನಸ್ ಪವರಿನತ್ತ ಸರಿಯುತ್ತದೆ. ಹತ್ತಿರದ್ದು ಬರಿಗಣ್ಣಿಗೆ ಕಾಣಿಸುತ್ತದೆ, ದೂರದ್ದು ಮಸುಕಾಗುತ್ತದೆ. ಈ ಲಾಭ ಹೆಚ್ಚು ಕಾಲ ಉಳಿಯುವುದಿಲ್ಲ. ಗಟ್ಟಿಯಾಗುತ್ತಿರುವ ಆ ನಡುಭಾಗವೇ ಮುಂದೆ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಹತ್ತಿರದ ಓದನ್ನೂ ಕಸಿದುಕೊಳ್ಳುತ್ತದೆ.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪರದೆ ಎಂದು ಬಹಳ ಜನ ತಿಳಿದಿದ್ದಾರೆ. ಕಣ್ಣಿನ ಮೇಲೆ ಏನೂ ಬೆಳೆದಿರುವುದಿಲ್ಲ. ಒಳಗಿನ ಮಸೂರವೇ ತನ್ನ ತಿಳಿತನವನ್ನು ಕಳೆದುಕೊಂಡಿರುತ್ತದೆ. ಅದು ಏಕೆ ಹಾಗಾಗುತ್ತದೆ ಎಂದು ತಿಳಿಯಲು, ಮೊದಲು ಅದು ತಿಳಿಯಾಗಿ ಇರುವುದು ಹೇಗೆ ಎಂದು ನೋಡಬೇಕು.

ಮಸೂರವೂ ಜೀವಕೋಶಗಳಿಂದಲೇ ಆದದ್ದು. ಆದರೆ ಸಾಮಾನ್ಯ ಜೀವಕೋಶದ ಮೂಲಕ ನೋಟ ಹಾಯುವುದಿಲ್ಲ. ಅದರೊಳಗಿನ ಕೋಶಕೇಂದ್ರ ಮತ್ತಿತರ ಭಾಗಗಳು ಬೆಳಕನ್ನು ಚದುರಿಸುತ್ತವೆ. ಹಾಗಾಗಿ ಮಸೂರದ ಎಳೆಗಳಾಗುವ ಕೋಶಗಳು ಬಲಿಯುವಾಗ ತಮ್ಮ ಕೋಶಕೇಂದ್ರವನ್ನೂ ಒಳಗಿನ ಯಂತ್ರಾಂಗವನ್ನೂ ಕರಗಿಸಿಬಿಡುತ್ತವೆ. ಉಳಿಯುವುದು ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಒತ್ತಾಗಿ ತುಂಬಿದ ಎಳೆ ಮಾತ್ರ. ಮಸೂರದ ತೂಕದಲ್ಲಿ ಮೂರನೇ ಒಂದು ಭಾಗ ಪ್ರೋಟೀನೇ. ಅದಕ್ಕೆ ರಕ್ತನಾಳವೂ ಇಲ್ಲ. ಸುತ್ತಲಿನ ನೀರಿನಂಥ ದ್ರವದಿಂದಲೇ ಪೋಷಣೆ.

ಇಷ್ಟೆಲ್ಲ ತ್ಯಾಗ ಮಾಡಿ ಪಡೆದ ತಿಳಿತನಕ್ಕೆ ಒಂದು ದಂಡವಿದೆ. ಯಂತ್ರಾಂಗವೇ ಇಲ್ಲದ ಕೋಶ ಹಳೆಯ ಪ್ರೋಟೀನನ್ನು ತೆಗೆದು ಹೊಸದನ್ನು ತಯಾರಿಸಲಾರದು. ಹೊಸ ಎಳೆಗಳು ಹೊರಸುತ್ತಿನಲ್ಲಿ ಸೇರುತ್ತ ಹೋಗುತ್ತವೆ, ಹಳೆಯವು ಒಳಗೇ ಉಳಿಯುತ್ತವೆ. ಎಂಬತ್ತರ ವೃದ್ಧರ ಮಸೂರದ ನಟ್ಟನಡುವೆ ಇರುವ ಪ್ರೋಟೀನು ಅವರು ತಾಯಿಯ ಗರ್ಭದಲ್ಲಿದ್ದಾಗ ತಯಾರಾದದ್ದು. ಅಷ್ಟು ವರ್ಷ ಬಿಸಿಲಿನ ನೇರಳಾತೀತ ಕಿರಣ, ಆಮ್ಲಜನಕದ ಏಟು, ಸಕ್ಕರೆ ಕಾಯಿಲೆಯಿದ್ದರೆ ಸಕ್ಕರೆಯ ಅಂಟು, ಎಲ್ಲವನ್ನೂ ಆ ಒಂದೇ ಪ್ರೋಟೀನು ತಡೆದುಕೊಂಡಿರಬೇಕು. ಏಟು ತಿಂದ ಪ್ರೋಟೀನು ತನ್ನ ಮಡಿಕೆ ಬಿಚ್ಚಿಕೊಂಡಾಗ ಅದು ಪಕ್ಕದ್ದಕ್ಕೆ ಅಂಟದಂತೆ ಹಿಡಿದಿಡಲು ಆಲ್ಫಾ ಕ್ರಿಸ್ಟಲಿನ್ ಎಂಬ ಕಾವಲುಗಾರ ಪ್ರೋಟೀನು ಇದೆ. ಅದರ ದಾಸ್ತಾನೂ ವಯಸ್ಸಿನೊಂದಿಗೆ ಖರ್ಚಾಗುತ್ತದೆ. ಆಮೇಲೆ ಕೆಟ್ಟ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ, ಆ ಗಂಟುಗಳು ಬೆಳಕನ್ನು ಚದುರಿಸುತ್ತವೆ. ಕಾಸಿದ ತುಪ್ಪ ಬಿಸಿಯಿರುವಾಗ ಪಾತ್ರೆಯ ತಳ ಕಾಣುವಷ್ಟು ತಿಳಿಯಾಗಿದ್ದು, ಆರಿ ಹರಳುಗಟ್ಟಿದಾಗ ಮಸುಕಾಗುವುದೂ ಇದೇ ಕಾರಣಕ್ಕೆ: ವಸ್ತು ಅದೇ, ಕಣಗಳು ಗುಂಪುಗೂಡಿದ್ದರಿಂದ ಬೆಳಕು ನೇರ ಹಾಯಲಿಲ್ಲ. ವ್ಯತ್ಯಾಸವಿಷ್ಟೆ, ತುಪ್ಪ ಮತ್ತೆ ಕರಗುತ್ತದೆ, ಗಂಟುಗಟ್ಟಿದ ಕ್ರಿಸ್ಟಲಿನ್ ಕರಗುವುದಿಲ್ಲ. ಪೊರೆ ಕರಗಿಸುತ್ತದೆಂದು ಮಾರುವ ಹನಿಗಳಿಗೆ ದುಡ್ಡು ಹಾಕಬಾರದು ಎನ್ನುವುದು ಇದರಿಂದಾಗಿಯೇ.

ಮಸುಕು ಎಲ್ಲಿ ಆರಂಭವಾಯಿತು ಎನ್ನುವುದರ ಮೇಲೆ ತೊಂದರೆಯ ಬಗೆ ನಿಂತಿದೆ. ಅಜ್ಜಿಯದು ನಡುಭಾಗದ ಪೊರೆ; ಅದು ನಿಧಾನ, ಬಣ್ಣಗಳನ್ನು ಮಂಕು ಮಾಡುತ್ತದೆ, ಅದರಲ್ಲೂ ನೀಲಿಯನ್ನು. ಇನ್ನೊಂದು ಬಗೆ ಮಸೂರದ ಹಿಂಬದಿಯ ಹೊದಿಕೆಗೆ ತಾಗಿ, ಬೆಳಕಿನ ದಾರಿಯಲ್ಲೇ ಕೂರುತ್ತದೆ. ಬಿಸಿಲಿಗೆ ಪಾಪೆ ಕಿರಿದಾದಾಗ ಬೆಳಕೆಲ್ಲ ಆ ಕಲೆಯ ಮೂಲಕವೇ ಹೋಗಬೇಕು. ಹಾಗಾಗಿ ಮೋಡದ ದಿನ ಚೆನ್ನಾಗಿ ಕಾಣುವವರಿಗೆ ಮಧ್ಯಾಹ್ನ ಕಾಣುವುದಿಲ್ಲ, ರಾತ್ರಿ ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆದು ರಸ್ತೆಯೇ ಮಾಯವಾಗುತ್ತದೆ. ಆಸ್ತಮಾಕ್ಕೋ ಸಂಧಿವಾತಕ್ಕೋ ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಬಗೆ ಹೆಚ್ಚು. ನಲವತ್ತರಲ್ಲೇ ಬರಬಹುದು, ತಿಂಗಳುಗಳಲ್ಲೇ ಬೆಳೆಯಬಹುದು.

ಇನ್ನು ಆಪರೇಷನ್. ಅದಕ್ಕೆ ಮೊದಲು ಕಣ್ಣನ್ನು ಅಳೆಯುತ್ತಾರೆ, ಒಳಗೆ ಹಾಕುವ ಲೆನ್ಸಿನ ಪವರ್ ಎಷ್ಟಿರಬೇಕು ಎಂದು ತಿಳಿಯಲು. ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ ಮತ್ತು ಕಾರ್ನಿಯಾದ ಬಾಗು, ಇವೆರಡು ಮುಖ್ಯ. ಈಗ ಇದಕ್ಕೆ ಸೂಕ್ಷ್ಮವಾದ ಸೂತ್ರಗಳು ಬಂದಿವೆ. ತತ್ವ ತಿಳಿಯಲು ಎಸ್‌ಆರ್‌ಕೆ ಎಂಬ ಹಳೆಯ ಸರಳ ಸೂತ್ರವೇ ಸಾಕು. ಅಜ್ಜಿಯ ಕಣ್ಣು 23.4 ಮಿಲಿಮೀಟರ್ ಉದ್ದ, ಕಾರ್ನಿಯಾದ ಪವರ್ 44, ಲೆನ್ಸ್ ತಯಾರಕರು ಕೊಟ್ಟ ಸಂಖ್ಯೆ 118.7 ಎನ್ನೋಣ. ಆಗ ಲೆಕ್ಕ ಹೀಗೆ:

118.7 − (2.5 × 23.4) − (0.9 × 44) = 20.6

ಅಂದರೆ ಹತ್ತಿರದಲ್ಲಿ ಸಿಗುವ 20.5 ಪವರಿನ ಲೆನ್ಸ್. ಉದ್ದ ಅಳೆಯುವಾಗ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಲೆನ್ಸಿನ ಪವರ್ ಎರಡೂವರೆ ಅಂಕ ತಪ್ಪುತ್ತದೆ, ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ದೂರ ನೋಡಲು ಅಜ್ಜಿಗೆ ಕನ್ನಡಕ ಬೇಕಾಗುತ್ತದೆ. ಅಳತೆಯ ಹೊತ್ತಿಗೆ ಕಣ್ಣು ಅಲುಗಿಸದೆ ಕುಳಿತುಕೊಳ್ಳಿ ಎಂದು ಪದೇ ಪದೇ ಹೇಳುವುದು ಸುಮ್ಮನೆ ಅಲ್ಲ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುವ ಅಜ್ಜಂದಿರು ಅದನ್ನೂ ಈಗಲೇ ಹೇಳಬೇಕು. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಪದರ ಸಡಿಲಾಗಿ ಆಪರೇಷನ್ ನಡುವೆ ತೊಂದರೆ ಕೊಡುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ಸಿದ್ಧರಾಗಿರುತ್ತಾರೆ.

ಆಪರೇಷನ್ನಿನ ದಿನ ಹನಿ ಹಾಕಿ ಪಾಪೆ ಅಗಲಿಸುತ್ತಾರೆ. ಮರಗಟ್ಟಿಸುವುದು ಬರೀ ಹನಿಯಿಂದ ಆಗಬಹುದು, ಇಲ್ಲವೇ ಕಣ್ಣಿನ ಪಕ್ಕಕ್ಕೆ ಒಂದು ಇಂಜೆಕ್ಷನ್. ಸೋಂಕು ತಡೆಯಲು ಪೊವಿಡೋನ್ ಅಯೋಡಿನ್ ದ್ರಾವಣವನ್ನು ಕಣ್ಣಿಗೆ ಬಿಟ್ಟು ಕೆಲವು ನಿಮಿಷ ಕಾಯುತ್ತಾರೆ. ಬಳಿಕ ಕಾರ್ನಿಯಾದ ಅಂಚಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಸೀಳು. ಅಲ್ಲಿಂದ ಒಳಹೊಕ್ಕು, ಮಸೂರವನ್ನು ಸುತ್ತಿರುವ ಪಾರದರ್ಶಕ ಚೀಲದ ಮುಂಭಾಗದಲ್ಲಿ ಐದು ಮಿಲಿಮೀಟರ್ ಅಗಲದ ದುಂಡನೆಯ ಕಿಂಡಿ ಬಿಡಿಸುತ್ತಾರೆ. ಇಡೀ ಆಪರೇಷನ್ನಿನ ಕೈಚಳಕ ಇಲ್ಲಿದೆ. ಕಿಂಡಿ ಅಂಚಿಗೆ ಹರಿದುಹೋದರೆ ಚೀಲದ ಬಲವೇ ಹೋಗುತ್ತದೆ. ನಂತರ ಸಣ್ಣಗೆ ನೀರು ಹಾಯಿಸಿ ಪೊರೆಯನ್ನು ಚೀಲದಿಂದ ಬಿಡಿಸಿ, ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಸೂಜಿಯಿಂದ ಚೂರು ಮಾಡಿ, ಅದೇ ಸೂಜಿಯ ತೂತಿನಿಂದ ಹೀರಿಕೊಳ್ಳುತ್ತಾರೆ. ಇದೇ ಫೇಕೋ, ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದ ವಿಧಾನ. ಲೇಸರ್ ಆಪರೇಷನ್ ಎಂದು ಜನ ಕರೆಯುತ್ತಾರಾದರೂ ಇಲ್ಲಿ ಕೆಲಸ ಮಾಡುವುದು ಶ್ರವಣಾತೀತ ಕಂಪನ.

ಖಾಲಿಯಾದ ಚೀಲದೊಳಕ್ಕೆ ಸುರುಳಿ ಸುತ್ತಿದ ಅಕ್ರಿಲಿಕ್ ಲೆನ್ಸನ್ನು ಅದೇ ಸೀಳಿನಿಂದ ತೂರಿಸುತ್ತಾರೆ. ಅದು ಒಳಗೆ ನಿಧಾನವಾಗಿ ಬಿಚ್ಚಿಕೊಂಡು, ತನ್ನ ಎರಡು ಬಾಗಿದ ಕೈಗಳನ್ನು ಚೀಲದ ಅಂಚಿಗೆ ಆನಿಸಿ ನಿಲ್ಲುತ್ತದೆ. ಹೊಲಿಗೆ ಬೇಕಿಲ್ಲ, ಕಣ್ಣಿನ ಒತ್ತಡವೇ ಸೀಳನ್ನು ಮುಚ್ಚುತ್ತದೆ. ಎಲ್ಲ ಸೇರಿ ಹದಿನೈದಿಪ್ಪತ್ತು ನಿಮಿಷ. ನಮ್ಮಲ್ಲಿ ಶಿಬಿರಗಳ ಮೂಲಕ ಬರುವವರಿಗೆ ಬಹಳವಾಗಿ ಮಾಡುವ ಇನ್ನೊಂದು ವಿಧಾನದಲ್ಲಿ ಆರೇಳು ಮಿಲಿಮೀಟರಿನ ಓರೆ ಸುರಂಗ ಕೊರೆದು ಪೊರೆಯ ಗಟ್ಟಿ ಭಾಗವನ್ನು ಇಡಿಯಾಗಿ ಹೊರತರುತ್ತಾರೆ. ದುಬಾರಿ ಯಂತ್ರ ಬೇಡ, ಕಲ್ಲಿನಂತಾದ ಪೊರೆಗೂ ಆಗುತ್ತದೆ, ಅನುಭವಿಗಳ ಕೈಯಲ್ಲಿ ನೋಟವೂ ಚೆನ್ನಾಗಿ ಬರುತ್ತದೆ.

ಸಾಮಾನ್ಯ ಲೆನ್ಸ್ ಒಂದೇ ದೂರಕ್ಕೆ ಹೊಂದಿರುತ್ತದೆ. ದೂರಕ್ಕೆಂದು ಹಾಕಿಸಿದರೆ ಅಜ್ಜಿಗೆ ಓದಲು ಮತ್ತೆ ಚಾಳೀಸು ಬೇಕು. ಇದನ್ನು ಮೊದಲೇ ಹೇಳದಿದ್ದರೆ, ಬರಿಗಣ್ಣಲ್ಲಿ ಓದುತ್ತಿದ್ದ ತನ್ನ ಕಣ್ಣು ಕೆಡಿಸಿದರು ಎಂದೇ ಅವರು ಭಾವಿಸುತ್ತಾರೆ.

ಈಗ ತಲೆಬರಹದ ಪ್ರಶ್ನೆ. ಪೊರೆ ಬಲಿಯಲಿ, ಆಮೇಲೆ ತೆಗೆಸೋಣ ಎಂಬ ಮಾತು ಒಂದು ಕಾಲಕ್ಕೆ ಸರಿಯಾದ ವೈದ್ಯ ಸಲಹೆಯೇ ಆಗಿತ್ತು. ಡಾ. ಎಂ. ಸಿ. ಮೋದಿಯವರು ನಮ್ಮ ಊರೂರುಗಳಲ್ಲಿ ಶಿಬಿರ ಹೂಡಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟ ದಶಕಗಳಲ್ಲಿ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಹಾಕುವ ರೂಢಿ ಇರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಲೆನ್ಸ್ ಹಾಕಿದ್ದರೂ ಅದು ಎಲ್ಲೆಡೆ ಹರಡಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಆಪರೇಷನ್ ಆದವರಿಗೆ ಪ್ಲಸ್ ಹತ್ತರ ದಪ್ಪ ಸೋಡಾಬುಡ್ಡಿ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ಕಾಲುಭಾಗಕ್ಕೂ ಹೆಚ್ಚು ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡು ಕಣ್ಣಿನ ಚಿತ್ರಗಳು ಕೂಡುತ್ತಲೇ ಇರಲಿಲ್ಲ, ಮೆಟ್ಟಿಲಿಳಿಯುವುದೂ ಕಷ್ಟ. ಆದ್ದರಿಂದ ಕಾಯುವುದೇ ಲೇಸಾಗಿತ್ತು.

ಈಗಿನ ವಿಧಾನ ಬೇರೆ, ಲೆಕ್ಕವೂ ಬೇರೆ. ಲೆನ್ಸ್ ಕೂರಬೇಕಾದ ಚೀಲದ ಹಿಂಭಾಗದ ದಪ್ಪ ಸುಮಾರು 4 ಮೈಕ್ರಾನ್. ಅಂಥ ಇನ್ನೂರೈವತ್ತು ಪದರ ಸೇರಿದರೆ ಒಂದು ಮಿಲಿಮೀಟರ್. ಪೊರೆ ಗಟ್ಟಿಯಾದಷ್ಟೂ ಹೆಚ್ಚು ಕಂಪನ ಬೇಕು, ಕಾರ್ನಿಯಾದ ಒಳಕೋಶಗಳಿಗೆ ಪೆಟ್ಟು ಹೆಚ್ಚು, ಈ ಚೀಲ ಹರಿಯುವ ಅಪಾಯವೂ ಹೆಚ್ಚು. ಅತಿಯಾಗಿ ಬಲಿತ ಪೊರೆ ತನ್ನಷ್ಟಕ್ಕೆ ದ್ರವವಾಗಿ ಸೋರತೊಡಗಿದರೆ, ಆ ಪ್ರೋಟೀನು ಕಣ್ಣಿನೊಳಗಿನ ನೀರು ಹರಿದುಹೋಗುವ ದಾರಿಯನ್ನು ಕಟ್ಟುತ್ತದೆ. ಒತ್ತಡ ಏರಿ ಕಣ್ಣು ಕೆಂಪಾಗಿ ವಿಪರೀತ ನೋಯುತ್ತದೆ. ಬಿಟ್ಟರೆ ನರವೇ ಒಣಗುತ್ತದೆ. ಆಮೇಲೆ ಪೊರೆ ತೆಗೆದರೂ ನೋಟ ಬರುವುದಿಲ್ಲ.

ಹಾಗೆಂದು ಪೊರೆ ಕಂಡ ಕೂಡಲೇ ಓಡಬೇಕಾಗಿಲ್ಲ. ಹೊಸ ಕನ್ನಡಕದಿಂದ ಕೆಲಸ ನಡೆಯುತ್ತಿದ್ದರೆ ಇನ್ನೊಂದು ವರ್ಷ ನೋಡಬಹುದು. ಕನ್ನಡಕ ಬದಲಿಸಿದರೂ ಗಾಡಿ ಓಡಿಸಲು, ಅಡುಗೆ ಮಾಡಲು, ರಾತ್ರಿ ಎದ್ದು ನಡೆಯಲು ತೊಡಕಾಗುತ್ತಿದ್ದರೆ ಅದೇ ಸರಿಯಾದ ಸಮಯ. ಆಪರೇಷನ್ ಆದ ಮೊದಲ ವಾರದಲ್ಲಿ ನೋವು ಏರುತ್ತ ನೋಟ ಇಳಿಯುತ್ತಿದ್ದರೆ ಅದು ಒಳಗಿನ ಸೋಂಕಿನ ಲಕ್ಷಣ. ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳೋ ವರ್ಷಗಳೋ ಕಳೆದು, ನೋವಿಲ್ಲದೆ ನಿಧಾನವಾಗಿ ಮಂಜಾದರೆ ಗಾಬರಿ ಬೇಡ. ಪೊರೆ ಮತ್ತೆ ಬರಲಾರದು. ಚೀಲಕ್ಕೆ ಅಂಟಿ ಉಳಿದ ಕೆಲವು ಕೋಶಗಳು ಹಿಂಬದಿಗೆ ಹಬ್ಬಿರುತ್ತವೆ ಅಷ್ಟೆ. ಇಲ್ಲಿ ನಿಜಕ್ಕೂ ಲೇಸರ್ ಬಳಸುತ್ತಾರೆ. ಕುಳಿತಲ್ಲೇ, ಕೆಲವೇ ನಿಮಿಷಗಳಲ್ಲಿ ಚೀಲದ ಹಿಂಭಾಗದಲ್ಲಿ ಸಣ್ಣ ಕಿಂಡಿ ಮಾಡಿದರೆ ಬೆಳಕಿಗೆ ದಾರಿಯಾಗುತ್ತದೆ.