ಐದು ನಿಮಿಷಕ್ಕೊಮ್ಮೆ ಯಾರಿಗೆ ಬೇಕು?

ದಾವಣಗೆರೆ, ಹರಿಹರ, ಹಾವೇರಿಗಳಲ್ಲಿ ಒಂದೊಂದು ಶಾಖೆ ಇರುವ ಬಟ್ಟೆ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಬಿಲ್ಲುಗಳೆಲ್ಲ ಅಂಗಡಿಯ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಸೇರುತ್ತವೆ. ಮಾಲೀಕರು ಮೊಬೈಲಿನಲ್ಲಿ ನೋಡುವ ವ್ಯಾಪಾರದ ವರದಿ ಮಾತ್ರ ಸ್ನೋಫ್ಲೇಕ್ ಎಂಬ ಕ್ಲೌಡ್ ಸೇವೆಯಲ್ಲಿ ತಯಾರಾಗುತ್ತದೆ. ಇಲ್ಲಿನ ಬಿಲ್ಲುಗಳನ್ನು ಆಗಾಗ ಅಲ್ಲಿಗೆ ನಕಲು ಮಾಡಿ, ಎರಡೂ ಕಡೆಯ ಲೆಕ್ಕ ಹೊಂದುವಂತೆ ನೋಡಿಕೊಳ್ಳುವ ಕೆಲಸಕ್ಕೆ ಸಿಂಕ್ ಎನ್ನುತ್ತಾರೆ. ಇದನ್ನು ಒಮ್ಮೆ ಹೊಂದಿಸಿಟ್ಟರೆ ತನ್ನಷ್ಟಕ್ಕೆ ನಡೆಯುತ್ತದೆ. ಹಾಗಾಗಿಯೇ ಅದರ ಖರ್ಚನ್ನು ಯಾರೂ ಕೇಳುವುದಿಲ್ಲ.

ಹೊಂದಿಸುವಾಗ ಹುಡುಗರು ಸಾಮಾನ್ಯವಾಗಿ ‘ಐದು ನಿಮಿಷಕ್ಕೊಮ್ಮೆ’ ಎಂದು ಬರೆದುಬಿಡುತ್ತಾರೆ. ಸ್ನೋಫ್ಲೇಕ್‌ನ ಲೆಕ್ಕ ಸೆಕೆಂಡಿನದು. ಆದರೆ ಮಲಗಿದ್ದ ಯಂತ್ರವನ್ನು ಎಬ್ಬಿಸಿದಾಗಲೆಲ್ಲ ಕನಿಷ್ಠ 60 ಸೆಕೆಂಡಿನ ಹಣ ಬೀಳುತ್ತದೆ. ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿದರೂ ಅಷ್ಟೇ. ಐದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 288 ಸಲ. ಅಲ್ಲಿಗೆ ಕಡಿಮೆಯೆಂದರೂ 288 ನಿಮಿಷ, ಹತ್ತಿರ ಹತ್ತಿರ ಐದು ಗಂಟೆಯ ಬಾಡಿಗೆ. ಗಂಟೆಗೊಮ್ಮೆ ಮಾಡಿದರೆ ಅದು 24 ನಿಮಿಷಕ್ಕೆ ಇಳಿಯುತ್ತದೆ. ಮಾಲೀಕರು ವರದಿ ನೋಡುವುದು ಬೆಳಗಿನ ಕಾಫಿಯ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ ಎಂದಾದರೆ ಗಂಟೆಗೊಮ್ಮೆ ಕೂಡ ಹೆಚ್ಚೇ. ದೀಪಾವಳಿಯ ವಾರದಲ್ಲಿ ಯಾವ ಶಾಖೆಯಲ್ಲಿ ಸರಕು ಖಾಲಿಯಾಗುತ್ತಿದೆ ಎಂದು ನೋಡಬೇಕಾದಾಗ ಬೇಕಿದ್ದರೆ ಅರ್ಧ ಗಂಟೆಗೆ ಇಳಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಏರಿಸಿದರಾಯಿತು.

ಇದಕ್ಕಿಂತ ದೊಡ್ಡ ಪೋಲು ಇನ್ನೊಂದಿದೆ. ಪ್ರತಿ ಸಲವೂ ಹಳೆಯದನ್ನೆಲ್ಲ ಅಳಿಸಿ, ಮೊದಲಿನಿಂದ ಕೊನೆಯವರೆಗೆ ಮತ್ತೆ ತುಂಬುವುದು. ಅಂಗಡಿಯಲ್ಲಿ ವರ್ಷಗಳಿಂದ ಸೇರಿದ 40 ಲಕ್ಷ ಬಿಲ್ಲುಗಳಿವೆ, ಒಂದೊಂದು ಸುಮಾರು 500 ಬೈಟ್ ಎಂದರೆ ಒಟ್ಟು ಎರಡು ಜಿಬಿ. ದಿನಕ್ಕೆ ಹನ್ನೆರಡು ಸಲ ತುಂಬಿದರೆ 24 ಜಿಬಿ ಓಡಾಡುತ್ತದೆ. ಆ ದಿನ ನಿಜಕ್ಕೂ ಹೊಸದಾಗಿ ಬಂದ ಅಥವಾ ಬದಲಾದ ಬಿಲ್ಲು ಮೂರು ಸಾವಿರವಿದ್ದರೆ, ಸಾಗಿಸಬೇಕಿದ್ದದ್ದು ಒಂದೂವರೆ ಎಂಬಿ. ಹೋದ ವರ್ಷದ ಯುಗಾದಿಯ ಸೀರೆಯ ಬಿಲ್ಲು ಈ ಮಧ್ಯಾಹ್ನ ಬದಲಾಗಿರುವುದಿಲ್ಲವಲ್ಲ!

ಪ್ರತಿ ಬಿಲ್ಲಿನ ಜೊತೆ ಅದು ಕೊನೆಯ ಬಾರಿ ಬದಲಾದ ಸಮಯವೂ ದಾಖಲಾಗುತ್ತಿದ್ದರೆ ದಾರಿ ಸುಲಭ:

```
SELECT * FROM bills
WHERE updated_at >= :last_run - INTERVAL 15 MINUTE;
```

ಆ ಹದಿನೈದು ನಿಮಿಷ ಸುಮ್ಮನೆ ಹಾಕಿದ್ದಲ್ಲ. ಹತ್ತು ಗಂಟೆಗೆ ಶುರುವಾದ ಬಿಲ್ಲು ಡೇಟಾಬೇಸಿನಲ್ಲಿ ಪಕ್ಕಾ ಆಗುವುದು ಹತ್ತೂ ಒಂದಕ್ಕೆ ಇರಬಹುದು, ಆದರೆ ಅದರ ಮೇಲಿನ ಸಮಯ ಹತ್ತೇ. ನಡುವೆ ಸಿಂಕ್ ಓಡಿದ್ದರೆ ಅದಕ್ಕೆ ಈ ಬಿಲ್ಲು ಕಾಣುವುದಿಲ್ಲ. ಮುಂದಿನ ಸಲ ಅದು ಆಮೇಲಿನದನ್ನಷ್ಟೇ ಕೇಳಿದರೆ ಬಿಲ್ಲು ಶಾಶ್ವತವಾಗಿ ತಪ್ಪಿಹೋಗುತ್ತದೆ. ಸ್ವಲ್ಪ ಹಿಂದಿನಿಂದ ಕೇಳಿದಾಗ ಕೆಲವು ಬಿಲ್ಲು ಎರಡೆರಡು ಸಲ ಬರುತ್ತವೆ. ಬಿಲ್ಲಿನ ಸಂಖ್ಯೆ ನೋಡಿ, ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎಂದು ಹೇಳಿಟ್ಟರೆ ತೊಂದರೆಯಿಲ್ಲ. `updated_at` ಮೇಲೆ ಇಂಡೆಕ್ಸ್ ಇರಲೇಬೇಕು. ಇಲ್ಲದಿದ್ದರೆ ಮೂರು ಸಾವಿರ ಬಿಲ್ಲು ಹುಡುಕಲು 40 ಲಕ್ಷವನ್ನೂ ತಡಕಾಡಿ, ಕೌಂಟರಿನಲ್ಲಿ ಗಿರಾಕಿ ಕಾಯುವಂತಾಗುತ್ತದೆ.

ಈ ವಿಧಾನಕ್ಕೆ ಒಂದು ಕುರುಡುತನವಿದೆ: ಅಳಿಸಿದ ಬಿಲ್ಲು ಅದಕ್ಕೆ ಕಾಣುವುದೇ ಇಲ್ಲ. ಇಲ್ಲದ್ದಕ್ಕೆ ಸಮಯವೆಲ್ಲಿಯದು? ಹಾಗಾಗಿ ಬಿಲ್ಲನ್ನು ಅಳಿಸದೆ ‘ರದ್ದು’ ಎಂದು ಗುರುತು ಹಾಕುವುದು ಒಳ್ಳೆಯದು. ಜೊತೆಗೆ ದಿನವಾರು ಬಿಲ್ಲುಗಳ ಎಣಿಕೆ ಮತ್ತು ಮೊತ್ತವನ್ನು ಎರಡೂ ಕಡೆ ತಾಳೆ ನೋಡಬೇಕು. ಹೊಂದದ ದಿನಗಳನ್ನಷ್ಟೇ ಮರುತುಂಬಿದರೆ ಸಾಕು. ಪೂರ್ತಿ ಮರುತುಂಬುವಿಕೆಗೂ ಜಾಗವಿದೆ, ಕೋಷ್ಟಕದ ರಚನೆಯೇ ಬದಲಾದಾಗ.

ಅಂಥ ಭಾರದ ಕೆಲಸವನ್ನು ಅಂಗಡಿ ಮುಚ್ಚಿದ ಮೇಲೆ ಇಡಬೇಕೆಂಬುದು ಎಲ್ಲರಿಗೂ ಗೊತ್ತು. ಸರಿಯಾಗಿ ಮಧ್ಯರಾತ್ರಿ ಹನ್ನೆರಡಕ್ಕೆ ಇಡುವುದು ಜಾಣತನವಲ್ಲ, ಬ್ಯಾಕಪ್ ಮುಂತಾದವನ್ನೂ ಎಲ್ಲರೂ ಅದೇ ಹೊತ್ತಿಗೆ ಇಟ್ಟಿರುತ್ತಾರೆ. ರಾತ್ರಿ ಎರಡೂವರೆ ವಾಸಿ. ಅದಕ್ಕೆ `30 2 * * *` ಎಂದು ಬರೆದು ನಿಶ್ಚಿಂತರಾಗುವವರು ಸರ್ವರಿನ ಗಡಿಯಾರ ನೋಡಿರುವುದಿಲ್ಲ. ಕ್ಲೌಡ್ ಸರ್ವರುಗಳ ಗಡಿಯಾರ ಹೆಚ್ಚಾಗಿ ಯುಟಿಸಿ ಸಮಯದಲ್ಲಿರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿನ ಎರಡೂವರೆ ಎಂದರೆ ಇಲ್ಲಿ ಬೆಳಗ್ಗೆ ಎಂಟು. ಬರೆಯಬೇಕಿದ್ದದ್ದು `0 21 * * *`.

ನಿಮ್ಮಲ್ಲೂ ಇಂಥ ಸಿಂಕ್ ಓಡುತ್ತಿದ್ದರೆ, ಅದನ್ನು ನೋಡಿಕೊಳ್ಳುವವರಿಗೆ ಎರಡು ಅಂಕಿ ಕೇಳಿ: ನಿನ್ನೆ ಎಷ್ಟು ಸಾಲು ಬದಲಾದವು, ಎಷ್ಟು ಸಾಲು ಸಾಗಿದವು. ಎರಡನೆಯದು ಮೊದಲನೆಯದರ ನೂರಾರು ಪಟ್ಟು ಇದ್ದರೆ ರಿಪೇರಿಯನ್ನು ಅಲ್ಲಿಂದಲೇ ಶುರುಮಾಡಿಸಿ.