ಸಂಜೆ 5ಕ್ಕೇ ಡೇಟಾ ಖಾಲಿ ಆಗ್ತಿತ್ತು, ಕಾರಣ ಮಗ ಕೊಟ್ಟ ಹಾಟ್‌ಸ್ಪಾಟ್!

ವಸಂತಪುರ: ಇಲ್ಲಿನ ಖಾಸಗಿ ಶಾಲೆಯೊಂದರ ಪೋಷಕರ ಸಭೆಯಲ್ಲಿ ಪ್ರಿನ್ಸಿಪಾಲ್ ಮೇಡಂ ಮಾರ್ಕ್ಸ್ ಬಗ್ಗೆ ಮಾತಾಡೋಕೆ ಮುಂಚೆ ಒಂದು ಘಟನೆ ಹೇಳಿದರು.

ಎಂಟನೇ ಕ್ಲಾಸಿನ ಹುಡುಗ. ಅಪ್ಪನದು ದಿನಸಿ ಅಂಗಡಿ, ಮನೆ ಅದರ ಮೇಲೆಯೇ. ಅಪ್ಪನ ಫೋನಿಗೆ ದಿನಕ್ಕೆ 2 ಜಿಬಿ ಪ್ಯಾಕ್. ಸಂಜೆ 5ರ ಹೊತ್ತಿಗೇ ನೆಟ್ ನಿಧಾನ ಆಗಿ, ಯುಪಿಐ ಆ್ಯಪ್ ಓಪನ್ ಆಗದೆ, ದುಡ್ಡು ಬಂತಾ ಇಲ್ವಾ ಅಂತ ನೋಡೋಕೆ ಆಗ್ತಿರಲಿಲ್ಲ. ನಡೆದದ್ದು ಇಷ್ಟೇ: ಮಗ ಒಂದು ದಿನ ಪಕ್ಕದ ಮನೆ ಗೆಳೆಯನಿಗೆ ಹಾಟ್‌ಸ್ಪಾಟ್ ಹಾಕಿಕೊಟ್ಟಿದ್ದ. ಪಾಸ್‌ವರ್ಡ್ 12345678.

‘ಮಕ್ಕಳು ಪಾಸ್‌ವರ್ಡ್ ಮರೆಯಬಹುದು, ಫೋನ್ ಮರೆಯಲ್ಲ’ ಅಂದರು ಮೇಡಂ. ಒಮ್ಮೆ ಸೇರಿದ ಫೋನು, ಹಾಟ್‌ಸ್ಪಾಟ್ ಆನ್ ಇದ್ದಾಗಲೆಲ್ಲ ತಾನಾಗೇ ಸೇರಿಕೊಳ್ಳುತ್ತೆ. ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನೇ ಆಫ್ ಆಗುವ ಸೌಲಭ್ಯ ಹಲವು ಫೋನ್‌ಗಳಲ್ಲಿದೆ. ಆದರೆ ಗೆಳೆಯನ ಫೋನ್ ಅಂಟಿಕೊಂಡಿರೋವರೆಗೆ ಅದು ಕೆಲಸ ಮಾಡಲ್ಲ. ಎಚ್‌ಡಿ ವಿಡಿಯೊ ಒಂದು ಗಂಟೆ ನೋಡಿದರೆ 1 ಜಿಬಿ ಆಸುಪಾಸು ಹೋಗುತ್ತೆ. ಎರಡು ಗಂಟೆಗೆ ಅಪ್ಪನ ಪ್ಯಾಕ್ ಮುಗೀತು.

ಡೇಟಾ ಹೋದರೆ ಮರುದಿನ ಬರುತ್ತೆ. ದೊಡ್ಡ ತಾಪತ್ರಯ ಬೇರೆ ಇದೆ. ಆ ಹಾಟ್‌ಸ್ಪಾಟ್ ಮೂಲಕ ಯಾರಾದರೂ ಬೆದರಿಕೆ ಮೆಸೇಜ್ ಕಳಿಸಿದರೆ, ಪೊಲೀಸರು ಹುಡುಕಿಕೊಂಡು ಹೋದಾಗ ಮೊದಲು ಸಿಗೋದು ಸಿಮ್ ಯಾರ ಹೆಸರಲ್ಲಿದೆಯೋ ಅವರು.

ಪತ್ತೆ ಹಚ್ಚೋದು ಹೇಗೆ? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪಟ್ಟಿ ತೆಗೆಯಿರಿ. ವಾಟ್ಸ್‌ಆ್ಯಪ್, ಯೂಟ್ಯೂಬ್ ಇದ್ದಂತೆ ಹಾಟ್‌ಸ್ಪಾಟಿಗೂ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ. ಅಲ್ಲಿ ನೂರಾರು ಎಂಬಿ ಕಂಡರೆ ಯಾರೋ ಬಳಸ್ತಿದ್ದಾರೆ ಅಂತಲೇ ಲೆಕ್ಕ. ಪರಿಹಾರ ಸುಲಭ. ಪಾಸ್‌ವರ್ಡ್ ಬದಲಾಯಿಸಿದರೆ ಹಳಬರೆಲ್ಲ ಒಟ್ಟಿಗೆ ಹೊರಗೆ. ಕನಿಷ್ಠ 8 ಅಕ್ಷರ ಬೇಕು, ನಿಮ್ಮ ಮೊಬೈಲ್ ನಂಬರ್ ಮಾತ್ರ ಬೇಡ. ಹಾಟ್‌ಸ್ಪಾಟಿನ ಕ್ಯೂಆರ್ ಕೋಡ್ ಒಳಗೂ ಪಾಸ್‌ವರ್ಡೇ ಇರೋದ್ರಿಂದ, ಅದರ ಸ್ಕ್ರೀನ್‌ಶಾಟ್ ಕ್ಲಾಸ್ ಗ್ರೂಪಿಗೆ ಹೋದರೆ ಪಾಸ್‌ವರ್ಡ್ ಕೊಟ್ಟಂತೆಯೇ.

ಬ್ಲೂಟೂತ್ ಆಫ್ ಮಾಡಿಸಿಬಿಡ್ಲಾ ಅಂತ ಒಬ್ಬರು ತಾಯಿ ಕೇಳಿದರು. ‘ಇಯರ್‌ಫೋನ್, ವಾಚಿಗೆ ಅದು ಬೇಕಲ್ಲಮ್ಮ. ಯಾರು ಫೈಲ್ ಕಳಿಸಬಹುದು ಅನ್ನೋದನ್ನ ಸರಿಮಾಡಿ ಸಾಕು’ ಅಂದರು ಮೇಡಂ. ಹತ್ತಿರದ ಫೋನಿಗೆ ಫೋಟೊ ಕಳಿಸುವ Quick Shareನಲ್ಲಿ Everyone ಅಂತಿದ್ದರೆ, ಬಸ್ಸಲ್ಲಿ ಪಕ್ಕ ಕೂತ ಅಪರಿಚಿತನೂ ಮಗುವಿನ ಫೋನಿಗೆ ಏನನ್ನಾದರೂ ಕಳಿಸೋಕೆ ಯತ್ನಿಸಬಹುದು. ಅದನ್ನು Contactsಗೆ ಬದಲಾಯಿಸಿ. ತಾನು ಕೇಳದೇ ಬಂದ ಪೇರಿಂಗ್ ರಿಕ್ವೆಸ್ಟಿಗೆ ಓಕೆ ಒತ್ತಬಾರದು ಅಂತ ಮಗುವಿಗೆ ಹೇಳಿಕೊಡಿ.

ಇನ್ನೊಂದು ಮಾತು. ಮನೆಯ ವೈಫೈಗೆ ಹಾಕಿದ ಫಿಲ್ಟರ್, ಮಗು ಗೆಳೆಯನ ಹಾಟ್‌ಸ್ಪಾಟಿಗೆ ಸೇರಿದ ಕೂಡಲೇ ಲೆಕ್ಕಕ್ಕಿಲ್ಲ. ಕಡಿವಾಣ ಮಗುವಿನ ಫೋನಿನಲ್ಲೇ ಇರಬೇಕು.

ಅಂದಹಾಗೆ, ಆ ಅಂಗಡಿಯವರು ಮಗನಿಗೆ ಬೈಯಲಿಲ್ಲವಂತೆ. ಹೊಸ ಪಾಸ್‌ವರ್ಡ್ ಅವನ ಕೈಲೇ ಹಾಕಿಸಿದರಂತೆ.